ಸ್ಲೇಟು ಎಲ್ಲಿ ನೇತುಹಾಕಬೇಕು?

ನಮ್ಮ ಅತ್ತಿಗೆ ಭಾನುವಾರ ಬೆಳಿಗ್ಗೆ ಅಮೆರಿಕದಲ್ಲಿರುವ ನೆಂಟರ ಮಕ್ಕಳಿಗೆ ಜೂಮ್‌ನಲ್ಲಿ ಕನ್ನಡ ಹೇಳಿಕೊಡುತ್ತಾರೆ. ಹಿನ್ನೆಲೆಗೆ ಊರಿನ ಮನೆಯ ಜಗಲಿಯ ಫೋಟೊ. ಗೋಡೆಯ ಮೇಲಿನ ಸ್ಲೇಟಿನಲ್ಲಿ ‘ಅ ಆ ಇ ಈ’. ಮೊದಲ ದಿನ ತಮ್ಮ ಪರದೆಯಲ್ಲಿ ಅಕ್ಷರಗಳು ಎಡಬಲ ಅದಲುಬದಲಾಗಿ ಕಂಡವು. ಗಾಬರಿಯಾಗಿ ಫೋಟೊವನ್ನೇ ತಿರುಗಿಸಿ ಹಾಕಿದರು. ಅವರಿಗೆ ಸರಿಹೋಯಿತು, ಮಕ್ಕಳಿಗೆ ಉಲ್ಟಾ ಆಯಿತು. ಒಬ್ಬಳಂತೂ ಆ ಉಲ್ಟಾ ‘ಅ’ವನ್ನೇ ಪುಸ್ತಕದಲ್ಲಿ ಬರೆದುಕೊಂಡಿದ್ದಳು.

ನಾವು ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುವ ಮುಖದಂತೆಯೇ ಕಾಣಲೆಂದು ಜೂಮ್ ನಮ್ಮ ಚಿತ್ರವನ್ನು ನಮಗೆ ಮಾತ್ರ ತಿರುಗಿಸಿ ತೋರಿಸುತ್ತದೆ. ಎದುರಿನವರಿಗೆ ಹೋಗುವುದು ತಿರುಗಿಸದ ಚಿತ್ರ. ಆದ್ದರಿಂದ ಫೋಟೊ ಮುಟ್ಟಬೇಡಿ. ಕಿರಿಕಿರಿಯಾದರೆ ಸೆಟ್ಟಿಂಗ್ಸ್‌ನಲ್ಲಿ Mirror my video ಎಂಬುದರ ಗುರುತು ತೆಗೆಯಿರಿ. ಬದಲಾಗುವುದು ನಿಮ್ಮ ನೋಟವಷ್ಟೇ. ಫೋಟೊ ತೆಗೆಯುವಾಗ ಹಿಂದಿನ ಕ್ಯಾಮೆರಾ ಬಳಸಿ. ಕೆಲವು ಫೋನುಗಳು ಸೆಲ್ಫಿಯನ್ನು ತಿರುಗಿಸಿಯೇ ಉಳಿಸುತ್ತವೆ.

ಇನ್ನು ಅಳತೆ. ಫೋನನ್ನು ಅಡ್ಡ ಹಿಡಿದು ತೆಗೆದ ಆ ಫೋಟೊ 4000 ಅಗಲ, 3000 ಎತ್ತರದ ಪಿಕ್ಸೆಲ್‌ಗಳದು, ಅಂದರೆ 4:3. ಕರೆಯ ಚೌಕಟ್ಟು 16:9. ಹಾಗಾಗಿ ಮೇಲೆ ಕೆಳಗೆ ಸೇರಿ 750 ಪಿಕ್ಸೆಲ್ ಕತ್ತರಿಸಿ 4000×2250 ಮಾಡಿ, ಆಮೇಲೆ 1920×1080ಕ್ಕೆ ಕುಗ್ಗಿಸಿದೆವು. ಎಳೆದು ಹೊಂದಿಸಿದ್ದರೆ ಜಗಲಿಯ ಕಂಬಗಳು ದಪ್ಪಗಾಗುತ್ತಿದ್ದವು. ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲವಾದರೆ ಅದು ಕುಗ್ಗಿ ಅಕ್ಷರದ ಅಂಚು ಮಸುಕಾಗಬಹುದು. ಒಮ್ಮೆ ಕಳೆದುಹೋದ ವಿವರ ಫೋಟೊವನ್ನು ಹಿಗ್ಗಿಸಿದರೆ ಮರಳಿ ಬರುವುದಿಲ್ಲ.

ನಿಜವಾದ ತೊಡಕು ಸ್ಲೇಟಿನ ಜಾಗದ್ದು. ಅದು ಗೋಡೆಯ ನಡುವೆ ಇತ್ತು, ಅತ್ತಿಗೆಯ ತಲೆ ಅದರ ಮೇಲೇ ಬಂತು. 1920ರ ಅಗಲದಲ್ಲಿ ಸುಮಾರು 640ರಿಂದ 1280ರವರೆಗಿನದು ಕೂತವರ ತಲೆ, ಹೆಗಲಿಗೆ ಸೇರಿದ್ದು. ಹಾಗೆಂದು ತೀರಾ ಅಂಚಿಗೆ ಸರಿಸಿದರೂ ಕಷ್ಟ. ಎದುರಿನವರ ಪರದೆಯಲ್ಲಿ ಚೌಕಟ್ಟು 4:3 ಆದರೆ ಎರಡೂ ಬದಿ 240 ಪಿಕ್ಸೆಲ್ ಕಾಣದೇ ಹೋಗುತ್ತದೆ. ಕೆಳಗಿನ ಮೂಲೆಯಲ್ಲಿ ಹೆಸರಿನ ಪಟ್ಟಿ ಕೂರುತ್ತದೆ. ಇವನ್ನೆಲ್ಲ ಕಳೆದರೆ ಎಡಕ್ಕೊಂದು, ಬಲಕ್ಕೊಂದು, ತಲಾ 400 ಪಿಕ್ಸೆಲ್ ಅಗಲದ ಪಟ್ಟಿ ಉಳಿಯುತ್ತದೆ. ಅದರ ಮೇಲರ್ಧವೇ ನೆಚ್ಚಬಹುದಾದ ಜಾಗ.

ಅತ್ತಿಗೆ ಸ್ಲೇಟನ್ನು ಎಡಗಡೆ, ಎತ್ತರದಲ್ಲಿ ನೇತುಹಾಕಿ ಹೊಸ ಫೋಟೊ ತೆಗೆಸಿದರು. ಕರೆಗೆ ಮೊದಲು ಮಗನ ಫೋನಿನಿಂದ, ಅದರ ಮೈಕು ಮತ್ತು ಸದ್ದು ನಿಲ್ಲಿಸಿ, ಅದೇ ಮೀಟಿಂಗಿಗೆ ಸೇರಿ ನೋಡಿದರು. ಅವರ ಪರದೆಯಲ್ಲಿ ಸ್ಲೇಟು ಬಲಕ್ಕೆ, ಅಕ್ಷರ ಉಲ್ಟಾ. ಮಗನ ಫೋನಿನಲ್ಲಿ ಸ್ಲೇಟು ಎಡಕ್ಕೆ, ‘ಅ’ ಸರಿಯಾಗಿ.