ಬಾರ್ಕೂರಿನ ಕಟ್ಟು, ಮದ್ರಾಸಿನ ಆಯೋಗ

ದೇವಪಾಂಡ್ಯನ ಹಡಗು ನೀರಿಗಿಳಿಯಲು ಕುಂಡೋದರ ಭೂತ ನರಬಲಿ ಕೇಳಿತು. ಹೆಂಡತಿ ಮಗನನ್ನು ಕೊಡಲಿಲ್ಲ, ತಂಗಿ ಸತ್ಯವತಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಹುಡುಗನನ್ನು ಉಳಿಸಿತು. ಅವನೇ ಭೂತಾಳ ಪಾಂಡ್ಯನಾಗಿ ಬಾರ್ಕೂರನ್ನು ಆಳಿ, ಆಸ್ತಿ ಮಕ್ಕಳಿಗಲ್ಲ, ಅಳಿಯನಿಗೆ ಎಂಬ ಕಟ್ಟು ಹಾಕಿದ ಎನ್ನುತ್ತಾರೆ ನಮ್ಮ ಹಿರಿಯರು.

ಈ ಅಳಿಯಕಟ್ಟಿನ ಮೇಲೂ ಮಲಬಾರಿನ ಮರುಮಕ್ಕತ್ತಾಯದ ಮೇಲೂ 1891ರಲ್ಲಿ ಮಲಬಾರ್ ವಿವಾಹ ಆಯೋಗ ವಿಚಾರಣೆ ನಡೆಸಿತು. ಸಿ. ಶಂಕರನ್ ನಾಯರ್ ಮದ್ರಾಸ್ ಶಾಸನಸಭೆಗೆ ತಂದ ಮಸೂದೆಯೇ ಅದಕ್ಕೆ ಕಾರಣ. ಮದ್ರಾಸ್ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿ ಟಿ. ಮುತ್ತುಸ್ವಾಮಿ ಅಯ್ಯರ್ ಅಧ್ಯಕ್ಷರು. ಶಂಕರನ್ ನಾಯರ್, ‘ಇಂದುಲೇಖಾ’ ಕಾದಂಬರಿಯ ಒ. ಚಂದು ಮೆನನ್, ನಮ್ಮ ಕಡೆಯಿಂದ ಮುಂಡಪ್ಪ ಬಂಗೇರ ಸದಸ್ಯರಲ್ಲಿದ್ದರು.

ಮುಂದಿದ್ದ ಪ್ರಶ್ನೆ ಸರಳ, ಉತ್ತರ ಮಾತ್ರ ಕಷ್ಟ. ಕೈಧಾರೆಯಾಗಿ, ಊರೆಲ್ಲ ಉಂಡು ಹೋದ ಮದುವೆಯೂ ಅಳಿಯಕಟ್ಟಿನವರದ್ದಾದರೆ ಕೋರ್ಟಿನ ಲೆಕ್ಕದಲ್ಲಿ ಮದುವೆಯಾಗಿರಲಿಲ್ಲ. ಬಂದರಿನಲ್ಲಿ ವ್ಯಾಪಾರ ಮಾಡಿ ಸಾವಿರ ರೂಪಾಯಿ ಗಳಿಸಿದವನೊಬ್ಬ ಉಯಿಲು ಬರೆಯದೆ ಸತ್ತನೆನ್ನಿ. ದುಡ್ಡು ಅವನ ತಾಯಿಯ ಕುಟುಂಬಕ್ಕೆ ಹೋಗುತ್ತಿತ್ತು. ಹೆಂಡತಿ ಮಕ್ಕಳಿಗೆ ಕೇಳುವ ಹಕ್ಕಿರಲಿಲ್ಲ.

ಒತ್ತಾಯ ಬೇಡ, ಬೇಕಾದವರು ಸಂಬಂಧವನ್ನು ರಿಜಿಸ್ಟರ್ ಮಾಡಿಸಲಿ ಎಂದಿತು ಆಯೋಗದ ಬಹುಮತ. ಆ ದಾರಿಯಲ್ಲೇ 1896ರಲ್ಲಿ ಮಲಬಾರ್ ವಿವಾಹ ಕಾಯ್ದೆ ಬಂತು. ನೋಂದಾಯಿಸಿದ ಸಂಬಂಧ ಕಾನೂನುಬದ್ಧ ಮದುವೆ. ಹೆಂಡತಿ ಮಕ್ಕಳಿಗೆ ಜೀವನಾಂಶ. ಉಯಿಲಿಲ್ಲದೆ ಸತ್ತರೆ ಸ್ವಯಾರ್ಜಿತದ ಅರ್ಧ ಅವರಿಗೆ. ಮೇಲಿನ ಸಾವಿರದಲ್ಲಿ ಐನೂರು ಹೀಗೆ ಮನೆಯಲ್ಲೇ ಉಳಿಯುತ್ತಿತ್ತು, ಉಳಿದ ಐನೂರು ಕುಟುಂಬಕ್ಕೆ. ಕುಟುಂಬದ ಮೂಲ ಆಸ್ತಿಯನ್ನು ಕಾಯ್ದೆ ಮುಟ್ಟಲೇ ಇಲ್ಲ.

ವರದಿಯಲ್ಲಿ ನನಗೆ ಹೆಚ್ಚು ಹಿಡಿಸುವುದು ಚಂದು ಮೆನನ್ನರ ಭಿನ್ನಮತ. ಸಂಬಂಧ ಈಗಾಗಲೇ ಮದುವೆಯೇ, ಕೋರ್ಟುಗಳು ಅದನ್ನು ತಪ್ಪಾಗಿ ಕಂಡವು ಎಂಬುದು ಅವರ ವಾದ. ಅದನ್ನು ಒಪ್ಪಿದರೆ ರಿಜಿಸ್ಟರಿನ ಕಲ್ಪನೆಯೇ ಇಕ್ಕಟ್ಟಿಗೆ ಸಿಗುತ್ತದೆ. ನೋಂದಾಯಿಸಲು ಹೊರಟವನು ಇಷ್ಟು ದಿನ ತನ್ನದು ಮದುವೆಯಾಗಿರಲಿಲ್ಲ ಎಂದು ತಾನೇ ಬರೆದುಕೊಟ್ಟಂತೆ! ಮೇಲಾಗಿ ಕುಟುಂಬದ ಯಜಮಾನನ ಮುನಿಸು ಬೇರೆ. ನೋಂದಾಯಿಸಿದವರು ತೀರಾ ಕಡಿಮೆ. ಇಚ್ಛೆಗೆ ಬಿಟ್ಟ ಕಾನೂನು ಸೋತಿತು, ಭಿನ್ನಮತ ಗೆದ್ದಿತು ಎಂದೇ ನನ್ನ ಲೆಕ್ಕ.

1896ರ ಕಾಯ್ದೆ ಮುಟ್ಟದ ಕುಟುಂಬದ ಆಸ್ತಿಯಲ್ಲಿ ಕವರುಗಳು ಪಾಲು ಕೇಳುವ ಹಕ್ಕು ಶಾಸನವಾಗಿ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ. ಆ ಪಾಲು ಸತ್ತವನ ಹೆಂಡತಿ ಮಕ್ಕಳಿಗೂ ಇಳಿಯುವ ದಾರಿಯನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಸೆಕ್ಷನ್ ತೆರೆಯಿತು.