ಕೋಚಿಂಗ್ ಅರ್ಧಕ್ಕೆ ಬಿಟ್ಟರೆ ಎಷ್ಟು ಹಣ ವಾಪಸ್?

ಕೋಚಿಂಗ್ ಸಂಸ್ಥೆಗಳ ರಶೀದಿಯ ಅಡಿಯಲ್ಲಿ ‘ಒಮ್ಮೆ ಕಟ್ಟಿದ ಶುಲ್ಕ ಹಿಂತಿರುಗಿಸುವುದಿಲ್ಲ’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಿಯೇ ಎಷ್ಟೋ ಪೋಷಕರು ಕೈಚೆಲ್ಲುತ್ತಾರೆ. ಕೈಚೆಲ್ಲಬೇಕಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಕೊಡಬೇಕು. ಅದೇ ಸಂಸ್ಥೆಯ ಹಾಸ್ಟೆಲಿನಲ್ಲಿದ್ದರೆ ಹಾಸ್ಟೆಲ್, ಮೆಸ್ ಶುಲ್ಕಕ್ಕೂ ಇದೇ ನಿಯಮ.

ಒಂದು ಲೆಕ್ಕ ನೋಡೋಣ. ಜೂನ್‌ನಿಂದ ಮೇ ತನಕ 12 ತಿಂಗಳ ನೀಟ್ ಕೋಚಿಂಗ್. ನೋಂದಣಿಗೆ 10,000, ಬೋಧನೆಗೆ 90,000, ಇವೆರಡರ ಮೇಲೆ ಶೇ. 18 ಜಿಎಸ್‌ಟಿ 18,000. ಒಟ್ಟು 1,18,000 ರೂಪಾಯಿ. ಹುಡುಗಿ ಸೆಪ್ಟೆಂಬರ್ ಕೊನೆಗೆ ಬಿಟ್ಟಳು ಎನ್ನಿ. ಸಂಸ್ಥೆ ನೋಂದಣಿ ಶುಲ್ಕ, ಅಷ್ಟೂ ತೆರಿಗೆ ಹಿಡಿದುಕೊಂಡು, ನೋಟಿಸ್ ಅವಧಿಯೆಂದು ಅಕ್ಟೋಬರನ್ನೂ ಸೇರಿಸಿ, 52,500 ಕೊಡಲು ಬರುತ್ತದೆ. ಆದರೆ ಬಳಸದ ತಿಂಗಳು ಎಂಟು. ತಿಂಗಳಿಗೆ 7,500ರಂತೆ 60,000, ಅದರ ಮೇಲಿನ ತೆರಿಗೆ 10,800, ಸೇರಿ 70,800 ಬರಬೇಕು.

‘ತೆರಿಗೆ ಸರ್ಕಾರಕ್ಕೆ ಹೋಯಿತು, ನಾವೇನು ಮಾಡೋಣ’ ಎಂಬುದು ಕೌಂಟರಿನಲ್ಲಿ ಸಿಗುವ ಸಿದ್ಧ ಉತ್ತರ. ಇದು ಅರ್ಧಸತ್ಯ. ಕೊಡದ ಸೇವೆಯ ಮೊತ್ತಕ್ಕೆ ಸಂಸ್ಥೆ ‘ಕ್ರೆಡಿಟ್ ನೋಟ್’ ಬರೆದರೆ ಆ ತೆರಿಗೆ ಅದರ ಮುಂದಿನ ಬಾಕಿಯಲ್ಲಿ ವಜಾ ಆಗುತ್ತದೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಇದಕ್ಕೆ ಅವಕಾಶವಿದೆ. ಪೋಷಕರಿಗೆ ತೆರಿಗೆ ಕೊಡದೆ ಇತ್ತ ಕ್ರೆಡಿಟ್ ನೋಟ್ ಬರೆದುಕೊಂಡರೆ ಆ ಹಣ ಸಂಸ್ಥೆಯ ಜೇಬಿಗೇ ಹೋದಂತೆ.

ನೋಂದಣಿ ಶುಲ್ಕದ ವಿಷಯದಲ್ಲಿ ಮಾತ್ರ ವಾದ ಅಷ್ಟು ಸಲೀಸಲ್ಲ. ಪ್ರವೇಶ ಪರೀಕ್ಷೆ, ಗುರುತಿನ ಚೀಟಿ, ಪುಸ್ತಕಗಳು ಕೈಸೇರಿದ್ದರೆ ಅಷ್ಟರ ಖರ್ಚು ಹಿಡಿಯುವುದು ನ್ಯಾಯವೇ. ಆದರೆ ಮಾರ್ಗಸೂಚಿ ಈ ಶುಲ್ಕಕ್ಕೆ ವಿನಾಯಿತಿ ಕೊಟ್ಟಿಲ್ಲ. ಒಟ್ಟು ಶುಲ್ಕದ ಕಾಲುಭಾಗವನ್ನು ‘ನೋಂದಣಿ’ ಎಂದು ಬರೆದಿದ್ದರೆ, ಅದು ಬೋಧನಾ ಶುಲ್ಕವೇ ಹೆಸರು ಬದಲಿಸಿಕೊಂಡಿದ್ದು ಎಂದೇ ನನ್ನ ಗುಮಾನಿ.

ಮಾರ್ಗಸೂಚಿ ಸ್ವತಃ ಕಾನೂನಲ್ಲ. ಜಾರಿಗೆ ತರಬೇಕಾದ್ದು ರಾಜ್ಯಗಳು. ಹಾಗಾಗಿ ನಿಜವಾದ ಆಸರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮಗು ಬಿಟ್ಟ ದಿನವೇ ಇಮೇಲ್ ಕಳಿಸಿ. ಬಾಯಿಮಾತಿನಲ್ಲಿ ಹೇಳಿದರೆ ಮುಂದೆ ದಿನಾಂಕದ ಬಗ್ಗೆಯೇ ಜಗಳ. ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ, ಅದಕ್ಕೂ ಬಗ್ಗದಿದ್ದರೆ ನಿಮ್ಮ ಊರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಶುಲ್ಕವನ್ನು ಸಾಲದ ಕಂತಿನಲ್ಲಿ ಕಟ್ಟುತ್ತಿದ್ದರೆ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟದ್ದು ಬೇರೆ ಕಂಪನಿ, ಕೆಡುವುದು ನಿಮ್ಮ ಸಿಬಿಲ್ ಅಂಕ. ಚೆಕ್ ಕೊಡುವಾಗ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಪತ್ರಕ್ಕೆ ಸಹಿ ಕೇಳಿದರೆ, ‘ಭಾಗಶಃ ಸ್ವೀಕರಿಸಿದ್ದೇನೆ’ ಎಂದು ಬರೆದೇ ಸಹಿ ಹಾಕಿ.