ನೀರು ಮುಗಿದರೂ ನೆಲ ಮಿಕ್ಕರೆ: ಕುನ್–ಟಕ್ಕರ್ ಷರತ್ತುಗಳು, ತಪ್ಪು ಕಲ್ಪನೆ ಮತ್ತು ವಾಸ್ತವ

ನಾಲೆ ನೀರು ನಂಬಿದ ಒಬ್ಬ ರೈತನ ಲೆಕ್ಕವನ್ನು ಇಟ್ಟುಕೊಳ್ಳೋಣ. ಅಂಕಿಗಳು ಕಲಿಯಲೆಂದು ಕಟ್ಟಿಕೊಂಡವು. ಆತನಿಗೆ 10 ಎಕರೆ ಇದೆ. x ಎಕರೆಗೆ ಕಬ್ಬು, y ಎಕರೆಗೆ ರಾಗಿ ಹಾಕುತ್ತಾನೆ. ಒಂದು ಎಕರೆ ರಾಗಿಗೆ ಬೇಕಾಗುವ ನೀರನ್ನು ಒಂದು ಪಾಲು ಎಂದುಕೊಂಡರೆ ಕಬ್ಬಿಗೆ ಎಕರೆಗೆ ಮೂರು ಪಾಲು ಬೇಕು. ಈ ಸಲ ಸಿಗುವುದು 18 ಪಾಲು. ಸಾವಿರ ರೂಪಾಯಿಗಳಲ್ಲಿ ಲಾಭ 24x − x² + 12y − y². ಒಂದೇ ಬೆಳೆಯನ್ನು ಹೆಚ್ಚಿಸುತ್ತಾ ಹೋದಂತೆ ಮುಂದಿನ ಎಕರೆ ಕೊಡುವ ಲಾಭ ಇಳಿಯುತ್ತದೆ ಎಂಬುದನ್ನು ವರ್ಗದ ಪದಗಳು ಹೇಳುತ್ತವೆ. ನಿರ್ಬಂಧಗಳು ಎರಡು: x + y ≤ 10 ಮತ್ತು 3x + y ≤ 18. ಜೊತೆಗೆ x, y ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ.

ತಪ್ಪು ಕಲ್ಪನೆ: ಗರಿಷ್ಠ ಲಾಭ ಬೇಕೆಂದರೆ ಇರುವ ನೆಲ, ಇರುವ ನೀರು ಎರಡನ್ನೂ ಪೂರ್ತಿ ಬಳಸಬೇಕು. ಹಾಗಾಗಿ ≤ ಚಿಹ್ನೆಯನ್ನು = ಎಂದು ಬದಲಿಸಿ ಬಿಡಿಸಿದರಾಯಿತು.

ಈ ತಪ್ಪು ತುಂಬಾ ಸಹಜವಾಗಿ ಬರುತ್ತದೆ, ಏಕೆಂದರೆ ಲಗ್ರಾಂಜ್ ವಿಧಾನವನ್ನು ನಾವು ಮೊದಲು ಸಮೀಕರಣಗಳ ಮೇಲೆಯೇ ಕಲಿತಿರುತ್ತೇವೆ. ಹಾಗೆ ಮಾಡಿದರೆ x = 4, y = 6, ಲಾಭ 116 ಸಾವಿರ. ಎರಡೂ ಮಿತಿಗಳು ಪಾಲನೆಯಾಗಿವೆ, ಒಂದು ಗುಂಟೆಯೂ ಪಾಳು ಬಿದ್ದಿಲ್ಲ. ಆದರೂ ಇದು ಸರಿಯುತ್ತರವಲ್ಲ.

ಲಗ್ರಾಂಜ್ ಫಲನವನ್ನು ಹೀಗೆ ಬರೆಯೋಣ:

L = 24x − x² + 12y − y² + λ(10 − x − y) + μ(18 − 3x − y)

λ ನೆಲದ ಗುಣಕ, μ ನೀರಿನ ಗುಣಕ. ಎರಡೂ ಬೆಳೆ ಇರುವಾಗ x ಮತ್ತು y ಕುರಿತ ಅವಕಲನಗಳು ಸೊನ್ನೆಯಾಗಬೇಕು: 24 − 2x = λ + 3μ, 12 − 2y = λ + μ. ಎರಡು ಮಿತಿಗಳನ್ನೂ ಮೀರಬಾರದು. ಗುಣಕಗಳು ಋಣವಾಗಬಾರದು. ಕೊನೆಯದು ಇಡೀ ವಿಧಾನದ ಜೀವಾಳ: ಪ್ರತಿ ಮಿತಿಯಲ್ಲೂ ಗುಣಕ ಮತ್ತು ಮಿಕ್ಕ ಪ್ರಮಾಣದ ಗುಣಲಬ್ಧ ಸೊನ್ನೆಯಾಗಬೇಕು. ಅಂದರೆ ನೆಲ ಮಿಕ್ಕಿದ್ದರೆ λ = 0; λ ಧನವಾಗಿದ್ದರೆ ನೆಲ ಪೂರ್ತಿ ಬಳಕೆಯಾಗಿರಬೇಕು. ನೀರಿಗೂ ಇದೇ ನಿಯಮ.

ಯಾವ ಮಿತಿ ಬಿಗಿಯಾಗಿದೆ ಎಂದು ಮೊದಲೇ ತಿಳಿದಿರುವುದಿಲ್ಲವಾದ್ದರಿಂದ ಒಂದೊಂದೇ ಸಾಧ್ಯತೆಯನ್ನು ಹಿಡಿದು ನೋಡಬೇಕು. ಎರಡೂ ಸಡಿಲ ಎಂದುಕೊಂಡರೆ x = 12, y = 6 ಬರುತ್ತದೆ; ಅಷ್ಟು ನೆಲವೇ ಇಲ್ಲ. ನೆಲ ಮಾತ್ರ ಬಿಗಿ ಎಂದರೆ x = 8, y = 2; ಅದಕ್ಕೆ 26 ಪಾಲು ನೀರು ಬೇಕು, ಅದೂ ಆಗದು. ಎರಡೂ ಬಿಗಿ ಎಂದರೆ ಮೇಲಿನ 4 ಮತ್ತು 6 ಬರುತ್ತದೆ; ಆಗ λ + 3μ = 16, λ + μ = 0, ಆದ್ದರಿಂದ μ = 8, λ = −8. ಗುಣಕ ಋಣವಾಯಿತು, ಹಾಗಾಗಿ ಇದೂ ಬಿದ್ದುಹೋಯಿತು. ಉಳಿದದ್ದು ನೀರು ಮಾತ್ರ ಬಿಗಿಯಾದ ಸಾಧ್ಯತೆ. λ = 0 ಎಂದು ಹಾಕಿದರೆ x = 3y − 6; ಅದನ್ನು 3x + y = 18ರಲ್ಲಿಟ್ಟರೆ y = 3.6, x = 4.8, μ = 4.8. ಬಳಸಿದ ನೆಲ 8.4 ಎಕರೆ, ಲಾಭ 122.4 ಸಾವಿರ. 1.6 ಎಕರೆಯನ್ನು ಬಿತ್ತದೆ ಬಿಟ್ಟಾಗಲೇ ರೈತನಿಗೆ ಹೆಚ್ಚು ಹಣ.

ತಪ್ಪು ಕಲ್ಪನೆ: ಗುಣಕದ ಚಿಹ್ನೆ ಮುಖ್ಯವಲ್ಲ, x, y ಸಿಕ್ಕರೆ ಸಾಕು.

ಆ −8 ಏನು ಹೇಳುತ್ತಿತ್ತೆಂದು ನೋಡಿ. ಹತ್ತೂ ಎಕರೆ ಬಿತ್ತಲೇಬೇಕೆಂದು ಹಟ ಹಿಡಿದರೆ, ಇರುವ ನೀರನ್ನು ಎಲ್ಲ ಕಡೆ ಹಂಚಲು ಹೆಚ್ಚು ಲಾಭದ ಕಬ್ಬನ್ನು ಕಿತ್ತು ರಾಗಿ ಹಾಕಬೇಕಾಗುತ್ತದೆ. ಆರನೇ ಎಕರೆ ರಾಗಿಯ ಹೊತ್ತಿಗೆ ರಾಗಿಯ ಹೆಚ್ಚುವರಿ ಲಾಭ ಸೊನ್ನೆಗಿಳಿದಿರುತ್ತದೆ. ಆ ಮಿತಿಯನ್ನು ಬಿಟ್ಟು ಒಳಗೆ ಸರಿದರೆ ಲಾಭ ಏರುತ್ತದೆ ಎಂಬ ಸೂಚನೆಯೇ ಋಣ ಗುಣಕ.

ಆದರೆ ಈ ಸೂಚನೆಯನ್ನು ನಂಬಬೇಕಾದರೆ ಲಗ್ರಾಂಜ್ ಫಲನವನ್ನು ಸರಿಯಾಗಿ ಕಟ್ಟಿರಬೇಕು. ಗರಿಷ್ಠ ಹುಡುಕುವಾಗ ಪ್ರತಿ ನಿರ್ಬಂಧವನ್ನು "ಮಿತಿ ಕಳೆ ಬಳಕೆ" ಎಂಬ ರೂಪಕ್ಕೆ ತಂದು, ಗುಣಕವನ್ನು ಕೂಡಿಸುವ ಚಿಹ್ನೆಯೊಂದಿಗೆ ಸೇರಿಸಬೇಕು. ಒಂದನ್ನು ಹೀಗೆ, ಇನ್ನೊಂದನ್ನು ತಿರುಗಿಸಿ ಬರೆದರೆ ಸರಿಯುತ್ತರವೂ ಋಣ ಗುಣಕದೊಂದಿಗೆ ಬಂದು, ಅದನ್ನೇ ತಿರಸ್ಕರಿಸುವಂತಾಗುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳು ಬಹಳ ಸಲ ಎಡವುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ; ಅವಕಲನದಲ್ಲಿ ಅಲ್ಲ.

ತಪ್ಪು ಕಲ್ಪನೆ: μ = 4.8 ಎಂದರೆ ನೀರಿನ ಪ್ರತಿ ಪಾಲಿಗೂ 4.8 ಸಾವಿರ ಬೆಲೆ.

ಅದು ಈ 18ರ ಬಳಿ ನಿಂತು ನೋಡಿದಾಗಿನ ಬೆಲೆ. ನೀರು 19 ಪಾಲಾದರೆ x = 5.1, y = 3.7, ಲಾಭ 127.1, ಏರಿಕೆ 4.8 ಅಲ್ಲ, 4.7. ನೀರು ಹೆಚ್ಚಿದಂತೆ ಬೆಲೆ ಇಳಿಯುತ್ತದೆ. 22 ಪಾಲಿಗೆ ಬಂದಾಗ ಹತ್ತೂ ಎಕರೆ ತುಂಬಿ, ಅಲ್ಲಿಂದ ಮುಂದೆ ನೆಲಕ್ಕೂ ಬೆಲೆ ಬರುತ್ತದೆ: 24 ಪಾಲಿನಲ್ಲಿ μ = 2, λ = 4. ನೀರು 26 ಆದಾಗ ಅದರ ಬೆಲೆ ಸೊನ್ನೆ. ಆಮೇಲೆ ನಾಲೆ ತುಂಬಿ ಹರಿದರೂ ಲಾಭ ಕದಲುವುದಿಲ್ಲ. ನೀರಿಗೆ ಎಷ್ಟು ಹಣ ಕೊಡಬಹುದು ಎಂದು ಯೋಚಿಸುವವರಿಗೆ ಒಂದೇ ಸಂಖ್ಯೆಗಿಂತ ಈ ಇಳಿಜಾರು ಹೆಚ್ಚು ಉಪಯುಕ್ತ.

ತಪ್ಪು ಕಲ್ಪನೆ: ಅವಕಲನಗಳು ಯಾವಾಗಲೂ ಸೊನ್ನೆಯಾಗಲೇಬೇಕು.

ಬರಗಾಲದಲ್ಲಿ ಸಿಕ್ಕಿದ್ದು ಒಂದೇ ಪಾಲು ನೀರು ಎನ್ನಿ. ಹಳೆಯ ಸಮೀಕರಣಗಳೇ x = −0.3 ಎನ್ನುತ್ತವೆ, ಕಬ್ಬನ್ನು ಋಣ ಎಕರೆಯಲ್ಲಿ ಬೆಳೆಯಲಾಗದು. ನಿಜವಾದ ಉತ್ತರ x = 0, y = 1, μ = 10. ಆಗ x ಕುರಿತ ಅವಕಲನ 24 − 30 = −6. ಚರ ಸೊನ್ನೆಯಲ್ಲಿ ನಿಂತಾಗ ಅವಕಲನ ಋಣವಾಗಿರಬಹುದು. ಕಬ್ಬು ಕೊಡುವ 24 ಸಾವಿರಕ್ಕಿಂತ ಅದು ಕುಡಿಯುವ ನೀರಿನ ಬೆಲೆ 30 ಸಾವಿರ ಹೆಚ್ಚು ಎಂದಷ್ಟೇ ಅರ್ಥ.

ತಪ್ಪು ಕಲ್ಪನೆ: ಷರತ್ತುಗಳು ಪೂರೈಸಿದರೆ ಗರಿಷ್ಠ ಸಿಕ್ಕಿತು, ಗರಿಷ್ಠವಿದ್ದರೆ ಷರತ್ತುಗಳು ಪೂರೈಸಿರುತ್ತವೆ.

ಎರಡು ದಿಕ್ಕಿನಲ್ಲೂ ಎಚ್ಚರ ಬೇಕು. x ಅನ್ನು −1ರಿಂದ 2ರವರೆಗೆ ಬಿಟ್ಟು x² ಅನ್ನು ಗರಿಷ್ಠಗೊಳಿಸಿ ನೋಡಿ: −1, 0, 2 ಮೂರೂ ಷರತ್ತುಗಳನ್ನು ಪೂರೈಸುತ್ತವೆ. ಗರಿಷ್ಠ 2ರಲ್ಲಿ ಮಾತ್ರ. 0ಯಲ್ಲಿ ಇರುವುದು ಕನಿಷ್ಠ. ರೈತನ ಲೆಕ್ಕದಲ್ಲಿ ನಾವು ನಿಶ್ಚಿಂತೆಯಿಂದ ಇರಬಹುದಾದದ್ದು ಲಾಭದ ಫಲನ ನಿಮ್ನವಾಗಿ, ನಿರ್ಬಂಧಗಳು ಸರಳರೇಖೆಗಳಾಗಿ ಇದ್ದುದರಿಂದ.

ಇನ್ನೊಂದು ದಿಕ್ಕಿಗೆ ಹೆರಾಲ್ಡ್ ಕುನ್ ಮತ್ತು ಆಲ್ಬರ್ಟ್ ಟಕ್ಕರ್ 1951ರ ತಮ್ಮ ಪ್ರಬಂಧದಲ್ಲೇ ಗಮನ ಸೆಳೆದಿದ್ದರು. (ಇದೇ ಷರತ್ತುಗಳನ್ನು ವಿಲಿಯಂ ಕರುಷ್ ಶಿಕಾಗೊ ವಿಶ್ವವಿದ್ಯಾಲಯದ ತಮ್ಮ 1939ರ ಸ್ನಾತಕೋತ್ತರ ಪ್ರಬಂಧದಲ್ಲಿ ಮೊದಲೇ ಕಂಡಿದ್ದರು, ಇಂದು ಮೂವರ ಹೆಸರನ್ನೂ ಸೇರಿಸಿ ಹೇಳುವುದು ನ್ಯಾಯವೇ.) y ≤ (1 − x)³, x ≥ 0, y ≥ 0 ಇರುವಾಗ x ಅನ್ನು ಗರಿಷ್ಠಗೊಳಿಸಬೇಕು ಎನ್ನಿ. ಉತ್ತರ x = 1, y = 0 ಎಂದು ಚಿತ್ರ ಬರೆದ ಕೂಡಲೇ ಕಾಣುತ್ತದೆ. ಆದರೆ x ಕುರಿತ ಅವಕಲನ 1 − 3λ(1 − x)². ಆ ಬಿಂದುವಿನಲ್ಲಿ λ ಏನೇ ಆಗಿರಲಿ ಅದು 1 ಆಗಿಯೇ ಉಳಿಯುತ್ತದೆ. ಅಲ್ಲಿ ಕ್ಷೇತ್ರದ ಅಂಚು ಸೂಜಿಮೊನೆಯಾಗಿ ಕೂಡಿಕೊಳ್ಳುವುದೇ ಕಾರಣ. ನಿರ್ಬಂಧಗಳೆಲ್ಲ ಸರಳರೇಖೀಯವಾಗಿದ್ದರೆ ಈ ಭಯವಿಲ್ಲ. ಮಿತಿಯ ಒಳಗಿರಬೇಕಾದ ಫಲನಗಳು ಪೀನವಾಗಿದ್ದರೆ, ಎಲ್ಲ ಮಿತಿಗಳಿಗಿಂತ ಕಟ್ಟುನಿಟ್ಟಾಗಿ ಒಳಗಿರುವ ಒಂದು ಬಿಂದು ಸಿಕ್ಕರೂ ಸಾಕು. ಇವೆರಡೂ ಇಲ್ಲದ ಕಡೆ, ಅಂಚು ಮೊನೆಯಾಗುವ ಬಿಂದುಗಳನ್ನು ಬೇರೆಯಾಗಿ ಗುರುತಿಸಿ, ಅಲ್ಲಿನ ಬೆಲೆಯನ್ನು ನೇರವಾಗಿ ಲೆಕ್ಕ ಹಾಕಿ ಉಳಿದ ಉತ್ತರಗಳೊಂದಿಗೆ ಹೋಲಿಸಬೇಕು.